ಫಲಿತವೊಂದು, ಪರೀಕ್ಷೆಯೊಂದು: ಕಲಬುರಗಿಯ ಒಂದು ಭಾಷಾವಿಜ್ಞಾನ ಪಠ್ಯಕ್ರಮದ ವಿಮರ್ಶೆ

ಸಾರಾಂಶ

ಕಲಬುರಗಿ ನಗರದ ಪದವಿ ಕಾಲೇಜೊಂದರಲ್ಲಿ ಬೋಧನೆಯಲ್ಲಿರುವ ಭಾಷಾವಿಜ್ಞಾನ ಪತ್ರಿಕೆಯೊಂದರ ಪಠ್ಯಕ್ರಮವನ್ನು ಈ ಬರಹ ಪರಿಶೀಲಿಸುತ್ತದೆ. ಪಠ್ಯಕ್ರಮವು ವಿಧಿಸುವ ವಾರದ ಕೆಲಸ ಅದರ ಕ್ರೆಡಿಟ್ಟಿಗೆ ಮೀರಿದ್ದು, ಅಂಕಗಳ ಹಂಚಿಕೆ ಅಸ್ಪಷ್ಟವಾಗಿದೆ, ಮತ್ತು ಘೋಷಿತ ಕಲಿಕಾ ಫಲಿತಗಳಲ್ಲಿ ಮುಖ್ಯವಾದವು ಎಲ್ಲಿಯೂ ಪರೀಕ್ಷೆಗೊಳಗಾಗುವುದಿಲ್ಲ. ಮೂರು ಬೇರೆ ಬೇರೆ ದೋಷಗಳಂತೆ ಕಾಣುವ ಇವು ವಾಸ್ತವದಲ್ಲಿ ಒಂದೇ ದೋಷದ ಮೂರು ಮುಖಗಳು ಎಂಬುದು ಇಲ್ಲಿಯ ವಾದ.

1. ಪತ್ರಿಕೆಯ ಸ್ವರೂಪ

ವಿಮರ್ಶೆಗೆ ಎತ್ತಿಕೊಂಡಿರುವುದು ‘ಭಾಷಾವಿಜ್ಞಾನ ಪ್ರವೇಶ ಮತ್ತು ಪ್ರಾದೇಶಿಕ ಕನ್ನಡ’ ಎಂಬ ನಾಲ್ಕು ಕ್ರೆಡಿಟ್ಟಿನ ಪತ್ರಿಕೆ. ಇಲ್ಲಿಯ ಚರ್ಚೆ ದಸ್ತಾವೇಜನ್ನು ಕುರಿತದ್ದೇ ಹೊರತು ಅದನ್ನು ರೂಪಿಸಿದವರನ್ನು ಕುರಿತದ್ದಲ್ಲ. ಆದ್ದರಿಂದ ಕಾಲೇಜಿನ ಹೆಸರನ್ನು ಕೊಟ್ಟಿಲ್ಲ. ಪತ್ರಿಕೆಗೆ ವಾರಕ್ಕೆ ನಾಲ್ಕು ಗಂಟೆಯ ಬೋಧನೆ ಇದೆ. ಅಂಕಗಳು ಆಂತರಿಕ 40, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 60 ಎಂದು ವಿಂಗಡಣೆಗೊಂಡಿವೆ. ಆರನೆಯ ವಾರದಿಂದ ಹತ್ತನೆಯ ವಾರದವರೆಗೆ ಪ್ರತಿ ವಿದ್ಯಾರ್ಥಿಯೂ ಕಮಲಾಪುರದಲ್ಲಿ ಕ್ಷೇತ್ರಕಾರ್ಯ ನಡೆಸಿ, ಆರು ಮಂದಿ ಭಾಷಿಕರಿಂದ 200 ಪದಗಳ ಪಟ್ಟಿಯನ್ನು ಧ್ವನಿಮುದ್ರಿಸಿ, ಅಂತಾರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದು, ವರದಿ ಸಲ್ಲಿಸಬೇಕು.

ಪಠ್ಯಕ್ರಮ ಐದು ಕಲಿಕಾ ಫಲಿತಗಳನ್ನು ಘೋಷಿಸುತ್ತದೆ. ವಿದ್ಯಾರ್ಥಿಯು ಭಾಷಾವಿಜ್ಞಾನದ ಮೂಲ ಪರಿಕಲ್ಪನೆಗಳನ್ನು ನಿರೂಪಿಸಬಲ್ಲನು. ಸ್ಥಳೀಯ ಮಾತನ್ನು ಧ್ವನಿಲಿಪಿಯಲ್ಲಿ ಬರೆಯಬಲ್ಲನು. ಸಂಗ್ರಹಿಸಿದ ಸಾಮಗ್ರಿಯಿಂದ ಧ್ವನಿಮಾಗಳನ್ನು ಗುರುತಿಸಬಲ್ಲನು. ಕಲಬುರಗಿ ಪ್ರದೇಶದ ಕನ್ನಡವನ್ನು ಇತರ ಉಪಭಾಷೆಗಳೊಡನೆ ಹೋಲಿಸಬಲ್ಲನು. ಕ್ಷೇತ್ರಕಾರ್ಯದ ನೈತಿಕ ನಿಯಮಗಳನ್ನು ಪಾಲಿಸಬಲ್ಲನು. ಪದವಿ ಹಂತದಲ್ಲಿ ಇವು ಉತ್ತಮ ಗುರಿಗಳೇ. ‘ಮನಿ’, ‘ಬ್ಯಾಡ’, ‘ಹೋಗ್ತಾನ’ ಎಂಬ ರೂಪಗಳನ್ನು ತಪ್ಪೆಂದು ತಿದ್ದಿಸಿಕೊಳ್ಳುತ್ತಲೇ ಶಾಲೆ ಮುಗಿಸಿ ಬಂದ ವಿದ್ಯಾರ್ಥಿಗೆ, ಅವೇ ರೂಪಗಳು ನಿಯಮಬದ್ಧವೆಂದು ತನ್ನ ಕೈಯಿಂದಲೇ ತೋರಿಸುವ ಅವಕಾಶವನ್ನು ಈ ಪತ್ರಿಕೆ ಮಾತುಕೊಡುತ್ತದೆ. ಆ ಮಾತನ್ನು ಪಠ್ಯಕ್ರಮ ನಡೆಸಿಕೊಡುತ್ತದೆಯೇ ಎಂಬುದು ಪ್ರಶ್ನೆ.

2. ವಾರದ ಕೆಲಸದ ಲೆಕ್ಕ

ಕೆಲಸದ ಹೊರೆಯನ್ನು ಅಳೆಯಲು ನಮಗೆ ಒಪ್ಪಿತ ಮಾನದಂಡವಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಒಟ್ಟು ಕಲಿಕೆಯನ್ನು ನಿಗದಿಪಡಿಸುತ್ತದೆ. ತರಗತಿ, ಓದು, ಬರಹ, ಪ್ರಾಯೋಗಿಕ ಕೆಲಸ ಎಲ್ಲವೂ ಇದರೊಳಗೇ ಸೇರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಸ್ನಾತಕ ಚೌಕಟ್ಟಿನಲ್ಲಿ 15 ವಾರಗಳ ಸೆಮಿಸ್ಟರಿಗೆ ಒಂದು ಕ್ರೆಡಿಟ್ಟಿನ ಉಪನ್ಯಾಸವೆಂದರೆ 15 ಗಂಟೆ. ಕ್ಷೇತ್ರಕಾರ್ಯವಾದರೆ 30 ಗಂಟೆ. ಹೀಗಾಗಿ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ ಸಲ್ಲುವುದು ಒಟ್ಟು 120 ಗಂಟೆ, ಅಂದರೆ ವಾರಕ್ಕೆ ಎಂಟು ಗಂಟೆ. ಅದರಲ್ಲಿ ನಾಲ್ಕು ಗಂಟೆ ತರಗತಿಯಲ್ಲೇ ಕಳೆಯುತ್ತದೆ. ಸೆಮಿಸ್ಟರಿಗೆ 20 ಕ್ರೆಡಿಟ್ ಓದುವ ವಿದ್ಯಾರ್ಥಿಗೆ ಎಲ್ಲ ಪತ್ರಿಕೆಗಳೂ ಸೇರಿ ವಾರಕ್ಕೆ 40 ಗಂಟೆಯಾಗುತ್ತದೆ. ಒಂದು ಪತ್ರಿಕೆ ತನ್ನ ಪಾಲನ್ನು ಮೀರಿದರೆ ಅದು ಇನ್ನೊಂದರ ಪಾಲನ್ನು ಕಸಿದಂತೆಯೇ.

ಪಠ್ಯಕ್ರಮವು ಪ್ರತಿ ವಾರ ಸುಮಾರು 50 ಪುಟಗಳ ಓದನ್ನು ವಿಧಿಸುತ್ತದೆ. ಈ ಓದು ಬಹುಪಾಲು ಇಂಗ್ಲಿಷಿನ ಸಾಮಾನ್ಯ ಭಾಷಾವಿಜ್ಞಾನ ಗ್ರಂಥಗಳಿಂದ ಬಂದದ್ದು. ಎರಡನೆಯ ಭಾಷೆಯಲ್ಲಿ ಪಾರಿಭಾಷಿಕ ಗದ್ಯವನ್ನು ಅರ್ಥಮಾಡಿಕೊಂಡು ಓದಲು ಗಂಟೆಗೆ ಹತ್ತು ಪುಟ ಎಂದಿಟ್ಟುಕೊಂಡರೆ ಐದು ಗಂಟೆ ಬೇಕು. ಪ್ರತಿ ವಾರ ಸಲ್ಲಿಸಬೇಕಾದ ಎರಡು ಪುಟದ ಟಿಪ್ಪಣಿಗೆ ಎರಡು ಗಂಟೆ. ತರಗತಿಯೂ ಸೇರಿ ಕ್ಷೇತ್ರಕಾರ್ಯವಿಲ್ಲದ ವಾರದಲ್ಲೇ 11 ಗಂಟೆಯಾಯಿತು.

ಕ್ಷೇತ್ರಕಾರ್ಯದ ಲೆಕ್ಕವನ್ನು ಇನ್ನಷ್ಟು ನಿಧಾನವಾಗಿ ಹಾಕಬೇಕು, ಏಕೆಂದರೆ ಪಠ್ಯಕ್ರಮ ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಒಂದು ಪದವನ್ನು ಕೇಳಿ, ಅರ್ಥ ಖಚಿತಪಡಿಸಿಕೊಂಡು, ಎರಡು ಬಾರಿ ಹೇಳಿಸಲು ಅರ್ಧ ನಿಮಿಷ ಸಾಕೆಂದುಕೊಂಡರೂ 200 ಪದಗಳಿಗೆ 100 ನಿಮಿಷ. ಆರು ಮಂದಿ ಭಾಷಿಕರೆಂದರೆ ಹತ್ತು ಗಂಟೆ. ಭಾಷಿಕರನ್ನು ಗುರುತಿಸಿ, ಕೆಲಸದ ಉದ್ದೇಶ ತಿಳಿಸಿ, ಒಪ್ಪಿಗೆ ಪಡೆಯಲು ಒಬ್ಬೊಬ್ಬರಿಗೆ ಅರ್ಧ ಗಂಟೆಯಂತೆ ಮೂರು ಗಂಟೆ. ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿದೆ. ಬಸ್ಸಿಗೆ ಕಾಯುವುದೂ ಸೇರಿ ಹೋಗಿಬರಲು ಮೂರು ಗಂಟೆ. ದಿನಕ್ಕೆ ಇಬ್ಬರು ಭಾಷಿಕರಂತೆ ಮೂರು ದಿನಕ್ಕೆ ಒಂಬತ್ತು ಗಂಟೆ. ಸಂಗ್ರಹವಾದ 1,200 ಉಚ್ಚಾರಣೆಗಳನ್ನು ನಿಮಿಷಕ್ಕೊಂದರಂತೆ ಧ್ವನಿಲಿಪಿಗೆ ಇಳಿಸಿದರೆ 20 ಗಂಟೆ. ವಿಶ್ಲೇಷಣೆಗೂ ವರದಿಗೂ 15 ಗಂಟೆ. ಒಟ್ಟು 57 ಗಂಟೆ. ಐದು ವಾರಗಳಿಗೆ ಹಂಚಿದರೆ ವಾರಕ್ಕೆ 11 ಗಂಟೆಗೂ ಸ್ವಲ್ಪ ಹೆಚ್ಚು. ಅಂದರೆ ಆರರಿಂದ ಹತ್ತನೆಯ ವಾರದವರೆಗೆ ಎಂಟು ಗಂಟೆಯ ಪತ್ರಿಕೆಯು 22 ಗಂಟೆಗೂ ಹೆಚ್ಚು ಸಮಯವನ್ನು ಬೇಡುತ್ತದೆ. ಇಡೀ ಸೆಮಿಸ್ಟರಿನಲ್ಲಿ 120ರ ಜಾಗದಲ್ಲಿ 222 ಗಂಟೆ. ಪರೀಕ್ಷಾ ಸಿದ್ಧತೆ ಇದರಲ್ಲಿ ಸೇರಿಲ್ಲ.

ಈ ದರಗಳನ್ನು ಪ್ರಶ್ನಿಸಬಹುದು. ಆದರೆ ಓದಿನ ವೇಗವನ್ನು ದುಪ್ಪಟ್ಟು ಮಾಡಿ ಗಂಟೆಗೆ 20 ಪುಟ ಎಂದರೂ ಒಟ್ಟು ಮೊತ್ತ 184 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಮೇಲಾಗಿ ಧ್ವನಿಲಿಪಿಗೆ ಹಾಕಿದ ನಿಮಿಷಕ್ಕೊಂದು ಪದದ ದರ ತೀರ ಉದಾರವಾದದ್ದು. ಹೊಸಬರು ಒಂದೇ ಪದವನ್ನು ನಾಲ್ಕೈದು ಬಾರಿ ಆಲಿಸದೆ ಮೂರ್ಧನ್ಯವನ್ನೂ ದಂತ್ಯವನ್ನೂ, ಹ್ರಸ್ವವನ್ನೂ ದೀರ್ಘವನ್ನೂ ಬೇರ್ಪಡಿಸಲಾರರು.

ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಮಾಡಲಾಗದಷ್ಟು ಕೆಲಸ ಕೊಟ್ಟಾಗ ವಿದ್ಯಾರ್ಥಿ ಎಲ್ಲವನ್ನೂ ಸಮನಾಗಿ ಕಡಿಮೆ ಮಾಡುವುದಿಲ್ಲ. ಯಾವುದನ್ನು ಯಾರೂ ಪರಿಶೀಲಿಸುವುದಿಲ್ಲವೋ ಅದನ್ನು ಬಿಡುತ್ತಾನೆ. ಇಲ್ಲಿ ಬಿಟ್ಟುಹೋಗುವುದು ಧ್ವನಿಲಿಪಿಯ ಕೆಲಸ. ಆರು ಮಂದಿಯ ಪಟ್ಟಿ ಒಬ್ಬರಿಂದಲೇ ತುಂಬುತ್ತದೆ, ಇಲ್ಲವೇ ಗೆಳೆಯನ ಪಟ್ಟಿಯ ನಕಲಾಗುತ್ತದೆ. ಇದನ್ನು ಪತ್ತೆಹಚ್ಚುವ ಕ್ರಮವೂ ಸರಳ: ಆರು ಭಾಷಿಕರ 200 ಪದಗಳಲ್ಲಿ ಒಂದೇ ಒಂದು ವ್ಯತ್ಯಾಸವೂ ಇಲ್ಲದಿದ್ದರೆ ಆ ಪಟ್ಟಿ ಆರು ಬಾಯಿಗಳಿಂದ ಬಂದದ್ದಲ್ಲ. ಆದರೆ ಹಾಗೆ ನೋಡಬೇಕೆಂದು ಪಠ್ಯಕ್ರಮ ಎಲ್ಲಿಯೂ ಹೇಳುವುದಿಲ್ಲ.

ಇನ್ನೊಂದು ಮೌನವನ್ನೂ ಗಮನಿಸಬೇಕು. ಕಮಲಾಪುರದ ಕಡೆಯಿಂದಲೇ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿ ತನ್ನ ಮನೆಯವರನ್ನೇ ಭಾಷಿಕರನ್ನಾಗಿ ಆರಿಸಿಕೊಳ್ಳಬಹುದೇ? ಆರಿಸಿಕೊಂಡರೆ ಒಂಬತ್ತು ಗಂಟೆಯ ಪ್ರಯಾಣ ಉಳಿಯುತ್ತದೆ. ಜೊತೆಗೆ ಕೆಂಪು ಬಾಳೆಯ ತೋಟದ ಪದಸಂಪತ್ತಿನಂಥ, ಹೊರಗಿನವರಿಗೆ ಸುಲಭವಾಗಿ ಸಿಗದ ಸಾಮಗ್ರಿ ದೊರೆಯುತ್ತದೆ. ಈ ವಿಷಯದಲ್ಲಿ ಪಠ್ಯಕ್ರಮದಲ್ಲಿ ಅನುಮತಿಯೂ ಇಲ್ಲ, ನಿಷೇಧವೂ ಇಲ್ಲ.

3. ಅಂಕಗಳ ಅಸ್ಪಷ್ಟತೆ

ಆಂತರಿಕ 40 ಅಂಕಗಳಲ್ಲಿ ಎರಡು ಕಿರುಪರೀಕ್ಷೆಗಳಿಗೆ 20. ಉಳಿದ 20 ಅಂಕಗಳು ‘ನಿಯೋಜಿತ ಕಾರ್ಯ, ಕ್ಷೇತ್ರಕಾರ್ಯ, ವಿಚಾರಗೋಷ್ಠಿ, ಪಾಲ್ಗೊಳ್ಳುವಿಕೆ ಇತ್ಯಾದಿ’ಗೆ. ಈ ನಾಲ್ಕೂ ಬಾಬುಗಳಿಗೆ ಸಮನಾಗಿ ಹಂಚಿದರೆ 57 ಗಂಟೆಗಳ ಕ್ಷೇತ್ರಕಾರ್ಯಕ್ಕೆ ಸಿಗುವುದು ಐದು ಅಂಕ. ಅದೇ ದಸ್ತಾವೇಜಿನ ಘಟಕವಾರು ವಿವರದಲ್ಲಿ ಕ್ಷೇತ್ರಕಾರ್ಯಕ್ಕೆ ಹತ್ತು ಅಂಕ ಎಂದಿದೆ. ಎರಡರಲ್ಲಿ ಯಾವುದು ಜಾರಿಯಲ್ಲಿದೆ ಎಂದು ತಿಳಿಯುವುದಿಲ್ಲ. ‘ಇತ್ಯಾದಿ’ ಎಂಬ ಪದ ನಿಘಂಟಿನಲ್ಲಿ ನಿರುಪದ್ರವಿಯಾಗಿರಬಹುದು. ಅಂಕಪಟ್ಟಿಯಲ್ಲಿ ಅದಕ್ಕೆ ಎಡೆಯಿಲ್ಲ.

ಆದರೆ ಹೆಚ್ಚಿನ ಹಾನಿ ಇರುವುದು ಅಂಕ ಎಷ್ಟು ಎಂಬುದರಲ್ಲಲ್ಲ, ಯಾತಕ್ಕೆ ಎಂಬುದರಲ್ಲಿ. ಇಬ್ಬರು ವಿದ್ಯಾರ್ಥಿಗಳ ವರದಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವಳು 200 ಪದಗಳನ್ನೂ ಕನ್ನಡ ಲಿಪಿಯಲ್ಲಿ ಅಂದವಾಗಿ ಬರೆದಿದ್ದಾಳೆ. ಭಾಷಿಕರು ‘ಮನಿ’ ಎಂದ ಕಡೆ ‘ಮನೆ’ ಎಂದೂ ‘ಬ್ಯಾಡ’ ಎಂದ ಕಡೆ ‘ಬೇಡ’ ಎಂದೂ ತಿದ್ದಿದ್ದಾಳೆ. ಎರಡನೆಯವನು 80 ಪದಗಳನ್ನಷ್ಟೇ ಮುಗಿಸಿದ್ದಾನೆ; ಆದರೆ ಧ್ವನಿಲಿಪಿಯಲ್ಲಿ ಬರೆದಿದ್ದಾನೆ. ‘ಬ್ಯಾಡ’ ಎಂಬಲ್ಲಿ ಕೇಳಿಸುವುದು ಯಕಾರ ಮತ್ತು ಆಕಾರಗಳ ಸರಣಿಯೋ ಅಥವಾ ಬಕಾರದ ನಂತರದ ಒಂದೇ ದೀರ್ಘ ಕೆಳಸ್ವರವೋ ಎಂದು ತನಗೆ ಖಚಿತವಾಗಲಿಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿದ್ದಾನೆ. ಭಾಷಾವಿಜ್ಞಾನದ ದೃಷ್ಟಿಯಲ್ಲಿ ಎರಡನೆಯ ವರದಿಯೇ ಸಾಮಗ್ರಿ. ಮೊದಲನೆಯದು ಶಿಷ್ಟ ಕನ್ನಡದ ಪದಪಟ್ಟಿ, ಅದಕ್ಕೆ ಕಮಲಾಪುರಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಆದರೂ ಮಾನದಂಡ ಬರೆದಿಡದ ಕಡೆ ಪರೀಕ್ಷಕರ ಕಣ್ಣಿಗೆ ಬೀಳುವುದು ಪೂರ್ಣತೆ ಮತ್ತು ಅಂದ. ಮೊದಲನೆಯವಳಿಗೆ ಹೆಚ್ಚು ಅಂಕ ಬಂದರೆ ಅದನ್ನು ಪ್ರಶ್ನಿಸಲು ಪಠ್ಯಕ್ರಮದಲ್ಲಿ ಯಾವ ಆಧಾರವೂ ಸಿಗದು. ಉಪಭಾಷೆಯನ್ನು ಗೌರವದಿಂದ ವಿವರಿಸಲು ಹೊರಟ ಪತ್ರಿಕೆಯೇ ಹೀಗೆ ಸದ್ದಿಲ್ಲದ ಶಿಷ್ಟೀಕರಣಕ್ಕೆ ಬಹುಮಾನ ಕೊಡುತ್ತದೆ.

4. ಪರೀಕ್ಷಿಸದ ಫಲಿತಗಳು

ಸೆಮಿಸ್ಟರ್ ಅಂತ್ಯದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ 15 ಅಂಕಗಳ ಮೂರು ಪ್ರಬಂಧ ಪ್ರಶ್ನೆಗಳೂ ಐದು ಅಂಕಗಳ ಮೂರು ಟಿಪ್ಪಣಿಗಳೂ ಇವೆ. ಪ್ರಶ್ನೆಗಳ ಬಗೆ ನಮಗೆಲ್ಲ ಪರಿಚಿತವೇ: ಧ್ವನಿಮಾ ಎಂದರೇನು, ಸೋದಾಹರಣವಾಗಿ ವಿವರಿಸಿ, ಕನ್ನಡದ ಉಪಭಾಷೆಗಳನ್ನು ಕುರಿತು ಬರೆಯಿರಿ, ಆಕೃತಿಮಾ ಬಗ್ಗೆ ಟಿಪ್ಪಣಿ ಬರೆಯಿರಿ. ಘೋಷಿತ ಫಲಿತಗಳ ಎದುರು ಇವನ್ನು ಇಟ್ಟು ನೋಡಿದರೆ ಮೊದಲನೆಯ ಫಲಿತ ಪೂರ್ಣವಾಗಿ ಪರೀಕ್ಷೆಗೊಳಗಾಗುತ್ತದೆ. ನಾಲ್ಕನೆಯದು ನೆನಪಿನ ಮಟ್ಟದಲ್ಲಿ ಮಾತ್ರ: ಹೋಲಿಸುವುದು ಗುರಿಯಾಗಿದ್ದರೂ ಕೇಳಿರುವುದು ಇತರರ ಹೋಲಿಕೆಯ ಸಾರಾಂಶವನ್ನು. ಎರಡನೆಯ, ಮೂರನೆಯ, ಐದನೆಯ ಫಲಿತಗಳಿಗೆ ಸಂಬಂಧಿಸಿದ ಒಂದು ಪ್ರಶ್ನೆಯೂ ಇಲ್ಲ. ಕಿರುಪರೀಕ್ಷೆಗಳ ಮಾದರಿಯೂ ಇದೇ.

ಹೀಗಾಗಿ 100ರಲ್ಲಿ 80 ಅಂಕಗಳು ವ್ಯಾಖ್ಯೆಗಳಿಗೆ ಮೀಸಲು. ಕಿರುಪರೀಕ್ಷೆಗಳಲ್ಲಿ 12, ಅಂತ್ಯದ ಪರೀಕ್ಷೆಯಲ್ಲಿ 33 ಪಡೆದ ವಿದ್ಯಾರ್ಥಿ ಕಮಲಾಪುರದ ಬಸ್ಸನ್ನೇ ಹತ್ತದೆ, ಒಂದು ಪದವನ್ನೂ ಧ್ವನಿಲಿಪಿಯಲ್ಲಿ ಬರೆಯದೆ 45 ಅಂಕ ಗಳಿಸಬಲ್ಲನು.

ಈ ದೋಷ ದಾಖಲೆಯ ಮಟ್ಟದಲ್ಲಿ ಮತ್ತಷ್ಟು ಬೆಳೆಯುತ್ತದೆ. ನ್ಯಾಕ್ ಮೌಲ್ಯಾಂಕನದ 2.6ನೆಯ ಸೂಚಕ ಕಲಿಕಾ ಫಲಿತಗಳ ಸಾಧನೆಯನ್ನು ಕೇಳುತ್ತದೆ. ಅದಕ್ಕೆಂದೇ ಪಠ್ಯಕ್ರಮದ ಕೊನೆಯಲ್ಲಿ ಐದೂ ಫಲಿತಗಳ ಎದುರು 1ರಿಂದ 3ರವರೆಗಿನ ಅಂಕಿಗಳನ್ನು ತುಂಬಿದ ಕೋಷ್ಟಕವಿದೆ. ಎಲ್ಲ ಮನೆಗಳಲ್ಲೂ 3 ಎಂದೇ ಇದೆ. ಸಾಧನೆಯನ್ನು ಲೆಕ್ಕಹಾಕುವುದು ವಿದ್ಯಾರ್ಥಿಗಳ ಒಟ್ಟು ಅಂಕಗಳಿಂದ. ಧ್ವನಿಮಾದ ವ್ಯಾಖ್ಯೆ ಬರೆದು ಗಳಿಸಿದ ಅಂಕವೇ ಧ್ವನಿಲಿಪಿಯ ಕೌಶಲದ ಪುರಾವೆಯಾಗಿ ಎಣಿಕೆಗೆ ಬರುತ್ತದೆ. ಯಾವ ಫಲಿತವೂ ವಿಫಲವಾಗಲಾರದ ಲೆಕ್ಕವಿದು; ಇದರಿಂದ ಬೋಧಕರಿಗೂ ಏನೂ ತಿಳಿಯುವುದಿಲ್ಲ.

ಈಗ ಮೂರೂ ದೋಷಗಳ ಸಂಬಂಧ ಸ್ಪಷ್ಟವಾಗುತ್ತದೆ. ಪರೀಕ್ಷಿಸಬೇಕಾಗಿಲ್ಲದ ಫಲಿತವನ್ನು ಎಷ್ಟು ಬೇಕಾದರೂ ಸೇರಿಸಬಹುದು. ಅದಕ್ಕೆ ಅಂಕದ ಮಾನದಂಡ ಬರೆಯುವ ಅಗತ್ಯ ಬೀಳುವುದಿಲ್ಲ. ಮಾನದಂಡ ಬರೆಯದಿದ್ದಾಗ ಆ ಕೆಲಸದ ಹಂತಗಳನ್ನು ಯಾರೂ ಎಣಿಸುವುದಿಲ್ಲ. ಎಣಿಸದ ಹಂತಗಳಿಗೆ ಗಂಟೆಗಳೂ ಇಲ್ಲ. 57 ಗಂಟೆಗಳು ಪಠ್ಯಕ್ರಮದ ಕಣ್ಣಿಗೆ ಬೀಳದಿರುವುದು ಈ ಕಾರಣದಿಂದಲೇ.

5. ಪರೀಕ್ಷಿಸಬಹುದಾದ ರೂಪ

ಈ ಫಲಿತಗಳನ್ನು ಲಿಖಿತ ಪರೀಕ್ಷೆಯಲ್ಲಿ ಅಳೆಯಲಾಗದು ಎಂಬ ಆಕ್ಷೇಪವಿದೆ. ಅದು ಅರ್ಧ ಸತ್ಯ. ಧ್ವನಿಯನ್ನು ಆಲಿಸಿ ಬರೆಯುವುದಕ್ಕೆ ಧ್ವನಿಮುದ್ರಣ ಬೇಕು, ನಿಜ. ಆದರೆ ಸಾಮಗ್ರಿಯಿಂದ ವಿಶ್ಲೇಷಣೆಗೆ ಸಾಗುವ ಮೂರನೆಯ ಫಲಿತವನ್ನು 15 ಅಂಕಗಳ ಒಂದು ಪ್ರಶ್ನೆಯಲ್ಲಿ ಚೆನ್ನಾಗಿಯೇ ಪರೀಕ್ಷಿಸಬಹುದು. ಈ ಪ್ರದೇಶದ ಮಾತಿನಿಂದಲೇ ಒಂದು ಉದಾಹರಣೆ ಕೊಡಬಹುದು.

ಶಿಷ್ಟ ಕನ್ನಡದ ‘ಮನೆ’, ‘ತಲೆ’ ಎಂಬ ನಾಮಪದಗಳು ಇಲ್ಲಿ ‘ಮನಿ’, ‘ತಲಿ’ ಆಗುತ್ತವೆ. ‘ಒಳಗೆ’ ಎಂಬರ್ಥದ ಪ್ರತ್ಯಯ ಸೇರಿದಾಗ ‘ಮನ್ಯಾಗ’, ‘ತಲ್ಯಾಗ’. ಶಿಷ್ಟದಲ್ಲೂ ಇಕಾರಾಂತವಾಗಿರುವ ‘ಹಳ್ಳಿ’ ಇಲ್ಲಿಯೂ ‘ಹಳ್ಳಿ’. ಪ್ರತ್ಯಯ ಸೇರಿದಾಗ ‘ಹಳ್ಳ್ಯಾಗ’. ಮತ್ತೊಂದೆಡೆ ‘ಹೋಗುತ್ತಾನೆ’, ‘ಯಾಕೆ’ ಎಂಬವು ‘ಹೋಗ್ತಾನ’, ‘ಯಾಕ’ ಆಗುತ್ತವೆ. ಇಷ್ಟನ್ನು ಕೊಟ್ಟು ಎರಡು ಪ್ರಶ್ನೆ ಕೇಳಬಹುದು. ಮೊದಲನೆಯದು: ‘ಮನಿ’ ಮತ್ತು ‘ಹಳ್ಳಿ’ ಪದಗಳ ಅಂತ್ಯಸ್ವರ ಈ ಮಾತಿನಲ್ಲಿ ಬೇರೆ ಬೇರೆ ಎನ್ನಲು ಕೊಟ್ಟ ಸಾಮಗ್ರಿಯಲ್ಲಿ ಆಧಾರವಿದೆಯೇ? ಎರಡನೆಯದು: ಶಿಷ್ಟದ ಒಂದೇ ಎಕಾರಕ್ಕೆ ಇಲ್ಲಿ ಎರಡು ಪ್ರತಿರೂಪಗಳು ಯಾವ ಷರತ್ತಿನಲ್ಲಿ ದೊರೆಯುತ್ತವೆ?

ಮೊದಲ ಪ್ರಶ್ನೆಗೆ ಉತ್ತರ ‘ಇಲ್ಲ’. ಎರಡೂ ಬಗೆಯ ಪದಗಳು ಪ್ರತ್ಯಯದ ಮುಂದೆ ಒಂದೇ ರೀತಿ ವರ್ತಿಸುತ್ತವೆ. ‘ಮನಿ’ಯಲ್ಲಿ ಎಕಾರ ಅಡಗಿದೆ ಎನ್ನುವವನು ಶಿಷ್ಟ ಭಾಷೆಯನ್ನು ನೆನೆದು ಹೇಳುತ್ತಿದ್ದಾನೆಯೇ ಹೊರತು ಸಾಮಗ್ರಿಯನ್ನು ನೋಡಿ ಅಲ್ಲ. ಎರಡನೆಯದಕ್ಕೆ, ಕೊಟ್ಟ ಸಾಮಗ್ರಿಯ ಮಿತಿಯಲ್ಲಿ, ನಾಮಪ್ರಕೃತಿಗಳಲ್ಲಿ ಇಕಾರ, ಕ್ರಿಯಾಪ್ರತ್ಯಯ ಮತ್ತು ಅವ್ಯಯಗಳಲ್ಲಿ ಅಕಾರ ಎಂಬ ಉತ್ತರ ಸಾಧ್ಯ. ಪೂರ್ಣ ಅಂಕ ಬಯಸುವವರು ಇದನ್ನು ಅಲ್ಲಗಳೆಯಬಲ್ಲ ಸಾಮಗ್ರಿ ಎಂಥದ್ದಿರಬೇಕೆಂದೂ ಹೇಳಬೇಕು. ಧ್ವನಿಮಾದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ಅದು ನೆರವಾಗದು. ಶಿಷ್ಟ ರೂಪವೇ ಮೂಲ, ಉಳಿದದ್ದು ಅಪಭ್ರಂಶ ಎಂದು ನಂಬಿದವರು ಮೊದಲ ಪ್ರಶ್ನೆಯಲ್ಲೇ ಎಡವುತ್ತಾರೆ. ಪತ್ರಿಕೆ ಬದಲಿಸಬಯಸುವ ತಿಳಿವಳಿಕೆ ಇದೇ ಆದ್ದರಿಂದ ಪರೀಕ್ಷೆ ಹಿಡಿಯಬೇಕಾದದ್ದೂ ಇದನ್ನೇ.

ಓದಿನ ಪಟ್ಟಿಯನ್ನೂ ಇದೇ ದೃಷ್ಟಿಯಿಂದ ಇಳಿಸಬಹುದು. ಆರ್. ಮಹದೇವನ್ ಅವರ ಗುಲ್ಬರ್ಗ ಕನ್ನಡದ ವರ್ಣನೆ 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದಿದೆ. ಯು. ಪಿ. ಉಪಾಧ್ಯಾಯರು 1976ರ ಗ್ರಂಥದಲ್ಲಿ ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಉಪಭಾಷೆಗಳನ್ನು ಹೋಲಿಸಿದ್ದಾರೆ. ವಿದ್ಯಾರ್ಥಿಯ ಸಾಮಗ್ರಿಯನ್ನು ನೇರವಾಗಿ ಎದುರಿಟ್ಟು ನೋಡಬಹುದಾದ ಈ ಎರಡೂ ಕೃತಿಗಳು ಪಠ್ಯಕ್ರಮದ ಪಟ್ಟಿಯಲ್ಲಿಲ್ಲ. ವಾರಕ್ಕೆ 50 ಪುಟಗಳ ಬದಲು ಆಯ್ದ 20 ಪುಟ, ಅದರೊಳಗೆ ಇವುಗಳ ಭಾಗಗಳು ಎಂದರೆ ಓದಿಗೆ ಎರಡು ಗಂಟೆ, ಸೆಮಿಸ್ಟರಿಗೆ 30 ಗಂಟೆ.

ಕ್ಷೇತ್ರಕಾರ್ಯವನ್ನು ಒಬ್ಬೊಬ್ಬರಿಗೆ 60 ಪದ, ಇಬ್ಬರು ಭಾಷಿಕರು, ಒಂದೇ ಭೇಟಿ ಎಂದು ಇಳಿಸಿ, ಕಮಲಾಪುರದ ವಿದ್ಯಾರ್ಥಿಗಳಿಗೆ ಮನೆಯವರನ್ನು ಮುದ್ರಿಸಿಕೊಳ್ಳುವ ಅನುಮತಿಯನ್ನು ಬರೆದೇ ಕೊಡಬೇಕು. ಆಗ ಧ್ವನಿಮುದ್ರಣಕ್ಕೆ ಒಂದು, ಒಪ್ಪಿಗೆಗೆ ಒಂದು, ಪ್ರಯಾಣಕ್ಕೆ ಮೂರು, ಎರಡು ಬಾರಿ ಆಲಿಸಿ ಬರೆಯುವುದಕ್ಕೆ ನಾಲ್ಕು, ವಿಶ್ಲೇಷಣೆಗೂ ವರದಿಗೂ ಆರು, ಒಟ್ಟು 15 ಗಂಟೆ. ತರಗತಿಯ 60 ಗಂಟೆಗಳಲ್ಲಿ ಹತ್ತನ್ನು ಧ್ವನಿಲಿಪಿಯ ಅಭ್ಯಾಸಕ್ಕೆ ಮೀಸಲಿಡಬೇಕು. ಕಲಿಸದ ಕೌಶಲವನ್ನು ಪರೀಕ್ಷಿಸುವುದು ಇನ್ನೊಂದು ಅನ್ಯಾಯ. ವಾರದ ಟಿಪ್ಪಣಿಗಳನ್ನು ಮೂರಕ್ಕೆ ಇಳಿಸಿದರೆ ಆರು ಗಂಟೆ. ಎಲ್ಲವೂ ಸೇರಿ 111. ಉಳಿದ ಒಂಬತ್ತು ಗಂಟೆ ಪರೀಕ್ಷಾ ಸಿದ್ಧತೆಗೆ.

‘ಇತ್ಯಾದಿ’ಯಲ್ಲಿದ್ದ 20 ಅಂಕಗಳನ್ನು ಹೀಗೆ ಹಂಚಬಹುದು: ಧ್ವನಿಲಿಪಿಯ ನಿಖರತೆಗೆ 5, ಧ್ವನಿಗಳ ಪ್ರಸಾರದ ವಿಶ್ಲೇಷಣೆಗೆ 5, ಸಂದೇಹಗಳನ್ನು ಗುರುತಿಸಿ ಚರ್ಚಿಸಿದ್ದಕ್ಕೆ 3, ಭಾಷಿಕರ ವಿವರ ಮತ್ತು ಒಪ್ಪಿಗೆಯ ದಾಖಲೆಗೆ 2, ತರಗತಿಯಲ್ಲಿ ಆಲಿಸಿ ಬರೆಯುವ ಕಿರುಪರೀಕ್ಷೆಗೆ 5. ನಿಖರತೆಯನ್ನು ನೋಡಲು ಬೋಧಕರು ಪ್ರತಿ ಧ್ವನಿಮುದ್ರಣದಲ್ಲಿ ಹತ್ತು ಪದಗಳನ್ನು ಯಾದೃಚ್ಛಿಕವಾಗಿ ಆರಿಸಿ ಆಲಿಸಿದರೆ ಸಾಕು. 60 ವಿದ್ಯಾರ್ಥಿಗಳ ತರಗತಿಯಲ್ಲಿ ಇಬ್ಬಿಬ್ಬರ ತಂಡಕ್ಕೆ ಒಂದೊಂದು ವರದಿಯೆಂದರೆ 30 ವರದಿಗಳು. ಒಂದಕ್ಕೆ 15 ನಿಮಿಷದಂತೆ ಏಳೂವರೆ ಗಂಟೆ. ಇದು ಬೋಧಕರಿಗೆ ಹೆಚ್ಚುವರಿ ಹೊರೆಯೇ ಹೌದು. ಆದರೆ 200 ಪದಗಳ 60 ವರದಿಗಳನ್ನು ತೆರೆಯದೆಯೇ ಅಂಕ ಹಾಕಬೇಕಾಗುವ ಸ್ಥಿತಿಗಿಂತ ಹಗುರವಾದದ್ದು.

ಈ ಪರಿಷ್ಕರಣೆಗೂ ಮಿತಿಯಿದೆ. ಇಬ್ಬರು ಭಾಷಿಕರಿಂದ ಪಡೆದ 60 ಪದಗಳಿಂದ ಕಮಲಾಪುರದ ಕನ್ನಡದ ಧ್ವನಿವ್ಯವಸ್ಥೆಯನ್ನು ಸ್ಥಾಪಿಸಲಾಗದು, ವಯಸ್ಸು ಅಥವಾ ಸಮುದಾಯದ ಭೇದಗಳ ಬಗ್ಗೆ ಏನನ್ನೂ ಹೇಳಲಾಗದು. ಆದ್ದರಿಂದ ನಾಲ್ಕನೆಯ ಫಲಿತದ ಮಾತನ್ನು ‘ಒಂದೆರಡು ನಿರ್ದಿಷ್ಟ ಲಕ್ಷಣಗಳಲ್ಲಿ ಹೋಲಿಸಬಲ್ಲನು’ ಎಂದು ಕಿರಿದುಗೊಳಿಸಬೇಕಾಗುತ್ತದೆ. ಮೇಲಿನ ಗಂಟೆಗಳ ಲೆಕ್ಕವೂ ಅಂದಾಜೇ. ಒಂದು ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಂದ ಹೆಸರಿಲ್ಲದ ವಾರದ ಸಮಯಪಟ್ಟಿ ಬರೆಸಿ ಅದನ್ನು ತಿದ್ದಬೇಕು.

ನಾಲ್ಕು ವರ್ಷದ ಆನರ್ಸ್ ಪದವಿಯನ್ನು 2024–25ರಿಂದ ಕೈಬಿಟ್ಟು ರಾಜ್ಯವು ಮೂರು ವರ್ಷದ ಪದವಿಗೆ ಮರಳಿದ ಮೇಲೆ ಪಠ್ಯಕ್ರಮಗಳು ಮತ್ತೆ ಬರೆಯಲ್ಪಡುತ್ತಿವೆ. ಇಂಥ ಸಂದರ್ಭದಲ್ಲಿ ಗಂಟೆ, ಕ್ರೆಡಿಟ್, ಅಂಕಗಳ ವಿಂಗಡಣೆ ಬದಲಾಗುತ್ತವೆ. ಫಲಿತಗಳ ವಾಕ್ಯಗಳು ಮಾತ್ರ ಹಳೆಯ ದಸ್ತಾವೇಜಿನಿಂದ ಹಾಗೆಯೇ ಹೊಸದಕ್ಕೆ ದಾಟಿಬಿಡುತ್ತವೆ. ಅಧ್ಯಯನ ಮಂಡಳಿಯು ಪ್ರತಿ ಫಲಿತದ ಎದುರು ಅದನ್ನು ಪರೀಕ್ಷಿಸುವ ಪ್ರಶ್ನೆಯನ್ನೂ, ಆ ಪ್ರಶ್ನೆಯ ಅಂಕವನ್ನೂ, ಅದಕ್ಕೆ ಬೇಕಾದ ಗಂಟೆಯನ್ನೂ ಒಂದೇ ಸಾಲಿನಲ್ಲಿ ಬರೆಯಲಿ. ಯಾವ ಸಾಲಿನಲ್ಲಿ ಈ ಮೂರರಲ್ಲಿ ಒಂದು ಖಾಲಿ ಉಳಿಯುತ್ತದೆಯೋ ಆ ಫಲಿತವನ್ನು ಕೈಬಿಡಲಿ.